ಬೆಣ್ಣೆ ದೋಸೆ ವಿಡಿಯೊ ಕೆಳಗೆ ಮಂಡಕ್ಕಿ ವಿಷಯ ಬರೆಯಬೇಕು, ಹೇಗೆ ಬರೆಯಲಿ?

ಹಂಚಿನ ಮುಂದೆ (ದಾವಣಗೆರೆ), ಸೋಮವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ವಿದ್ಯಾನಗರದವಳು. ಊರಿನವಳಾದರೂ ಬೆಣ್ಣೆ ದೋಸೆ ಮನೆಯಲ್ಲಿ ಮಾಡಿದ್ದು ಕಮ್ಮಿ. ತಿನ್ನಬೇಕು ಅನಿಸಿದರೆ ಹೋಟೆಲ್ ಇದೆಯಲ್ಲ, ರುಬ್ಬುವ ಗೋಜು ಯಾರಿಗೆ ಬೇಕು. ಈಗ ನಮ್ಮ ಅತ್ತೆಗೆ ಮೆಟ್ಟಿಲು ಇಳಿಯಲು ಆಗುವುದಿಲ್ಲ. ಪಾರ್ಸಲ್ ತಂದರೆ ಮನೆಗೆ ಬರುವಷ್ಟರಲ್ಲಿ ದೋಸೆ ಮೆತ್ತಗಾಗಿ, ಬೆಣ್ಣೆಯೆಲ್ಲ ಕಾಗದಕ್ಕೆ ಹೋಗಿರುತ್ತದೆ. ಅದಕ್ಕೇ ಬೆಂಗಳೂರಿನ ಒಬ್ಬ ಮೇಡಂ ಹಾಕಿದ ವಿಡಿಯೊ ನೋಡಿ ಮಾಡಲು ಶುರು ಮಾಡಿದೆ.

ಅವರ ಅಳತೆ ಇದು. 2 ಕಪ್ ದೋಸೆ ಅಕ್ಕಿ, ಅರ್ಧ ಕಪ್ ಉದ್ದಿನಬೇಳೆ, 1 ಚಮಚ ಮೆಂತ್ಯ, 1 ಕಪ್ ಮಂಡಕ್ಕಿ. ಎಲ್ಲವನ್ನೂ ಒಟ್ಟಿಗೆ 5 ಗಂಟೆ ನೆನೆಸಿ ರುಬ್ಬಬೇಕು. ರಾತ್ರಿ ಹುಳಿ ಬರಲು ಬಿಡಬೇಕು.

ಎರಡು ಸಲ ಹಾಗೇ ಮಾಡಿದೆ. ಎರಡು ಸಲವೂ ದೋಸೆ ಹಂಚಿಗೆ ಹಿಡಿಯಿತು. ಎಬ್ಬಿಸಲು ಹೋದರೆ ಅಂಚು ಬರುತ್ತದೆ, ನಡುವೆ ಅಂಟಿನ ಹಾಗೆ ಉಳಿಯುತ್ತದೆ. ಬಣ್ಣವೂ ಇಲ್ಲ, ಬಿಳಿಚಿಕೊಂಡಿತ್ತು. ಮೂರನೇ ಸಲ ಮಂಡಕ್ಕಿಯನ್ನು ಅಕ್ಕಿ ಜೊತೆ ಹಾಕಲಿಲ್ಲ. ರುಬ್ಬುವ ಐದು ನಿಮಿಷ ಮುಂಚೆ ಬೇರೆ ನೆನೆಸಿ, ಹಿಂಡಿ, ಕೊನೆಯ ಸುತ್ತಿನಲ್ಲಿ ಹಾಕಿದೆ. ದೋಸೆ ತಾನಾಗೇ ಎದ್ದು ಬಂತು. ತೂತು ತೂತಾಗಿ, ಅಂಚು ಗರಿಯಾಗಿ. ಅತ್ತೆ ಮೂರು ತಿಂದರು.

ಖುಷಿಯಲ್ಲಿ ವಿಡಿಯೊ ಕೆಳಗೆ ಹೀಗೆ ಬರೆದೆ: "ಮಂಡಕ್ಕಿ ಅಕ್ಕಿ ಜೊತೆ ನೆನೆಸಬಾರದು. ದಾವಣಗೆರೆಯಲ್ಲಿ ಯಾರೂ ಹಾಗೆ ಮಾಡಲ್ಲ. ಕೊನೆಗೆ ಹಾಕಬೇಕು."

ಒಬ್ಬರು ಬಂದು "ನೀವೇ ಒಂದು ಚಾನೆಲ್ ಮಾಡಿ" ಅಂದರು. ಅದು ಹೋಗಲಿ. ಆ ಮೇಡಂ ಮಾತ್ರ "ಓಕೆ ಮೇಡಂ" ಅಂತ ಬರೆದರು. ಆ ಎರಡು ಪದ ನನ್ನನ್ನು ಚುಚ್ಚಿತು ನೋಡಿ. ಒಂದು ಗಂಟೆಯಲ್ಲಿ ಅಳಿಸಿದೆ. ಅವರ ಅಳತೆಯಲ್ಲೇ ಮಾಡಿ ತಿಂದು, ಅವರಿಗೇ ಪಾಠ ಹೇಳಿದ ಹಾಗಾಯಿತು.

ಆದರೂ ವಿಷಯ ಬರೆಯಬೇಕು ಅನಿಸುತ್ತಿದೆ. ಅಲ್ಲಿ ಕೆಳಗೆ ಇನ್ನೂ ಏಳೆಂಟು ಜನ "ಹಂಚಿಗೆ ಅಂಟುತ್ತೆ" ಅಂತ ಕೇಳಿದ್ದಾರೆ. ಹೇಗೆ ಬರೆಯಲಿ?

---

ಗಾಂಧಿ ಸರ್ಕಲ್ ಗಿರಾಕಿ, ಸೋಮವಾರ ಬೆಳಿಗ್ಗೆ

ಐದು ನಿಮಿಷ ಜಾಸ್ತಿ ಆಯ್ತು ಅಕ್ಕ. ಮಂಡಕ್ಕಿ ನೀರಿಗೆ ಹಾಕಿ ತಕ್ಷಣ ಎತ್ತಬೇಕು. ಇಲ್ಲಾಂದ್ರೆ ಒಗ್ಗರಣೆ ಹಾಕುವಾಗ ಮುದ್ದೆಯಾಗುತ್ತೆ. ಹುರಿಗಡಲೆ ಪುಡಿ ಕೊನೆಗೆ ಉದುರಿಸಿ. ಜೊತೆಗೆ ಮೆಣಸಿನಕಾಯಿ ಬಜ್ಜಿ ಇದ್ರೆ ಮುಗೀತು.

ಹಂಚಿನ ಮುಂದೆ

ಅಣ್ಣ, ಇದು ಒಗ್ಗರಣೆ ಮಂಡಕ್ಕಿ ಅಲ್ಲ. ದೋಸೆ ಹಿಟ್ಟಿಗೆ ಹಾಕುವ ಮಂಡಕ್ಕಿ.

ಗಾಂಧಿ ಸರ್ಕಲ್ ಗಿರಾಕಿ

ಓ. ಮಂಡಕ್ಕಿ ಅನ್ನೋದಷ್ಟೇ ಕಾಣಿಸ್ತು ನನಗೆ. ಬೆಳಿಗ್ಗೆ ತಿಂಡಿ ಆಗಿಲ್ಲ.

---

ದುರ್ಗದ ಅಡುಗೆಮನೆ (ಚಿತ್ರದುರ್ಗ), ಸೋಮವಾರ ಮಧ್ಯಾಹ್ನ

ನಾನೂ ಒಂದು ಸಣ್ಣ ಚಾನೆಲ್ ನಡೆಸುತ್ತೇನೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹುರಳಿಕಾಳು ಸಾರು, ಇಂಥವೇ. ಅದಕ್ಕೆ ಆ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

"ಬಾರದು", "ಬೇಕು" ಅಂತ ಮುಗಿಯುವ ಮಾತು ಓದಿದಾಗ ನಾನು ಮೊದಲು ನೋಡುವುದು ವಿಷಯವನ್ನಲ್ಲ, ಇವರು ಯಾರು ಅಂತ. ನನ್ನ ತಾಯಿಯಿಂದ ಕಲಿತಿದ್ದನ್ನು ಮಾಡಬಾರದು ಅಂತ ಹೇಳಲು ಇವರು ಯಾರು, ಅಷ್ಟೇ. ಅದೇ ಮಾತು "ಹಾಕಿದೆ", "ಬಂತು", "ಹಿಡಿಯಿತು" ಅಂತ ಮುಗಿದರೆ ನನಗೆ ಜಗಳ ಆಡಲು ಏನೂ ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ಆಗಿದ್ದನ್ನು ನಾನು ಹೇಗೆ ಇಲ್ಲ ಅನ್ನಲಿ? ಹೋಗಿ ಒಂದು ಸಲ ಮಾಡಿ ನೋಡೋಣ ಅನಿಸುತ್ತದೆ.

ಆದರೆ ಬರೀ ಕ್ರಿಯಾಪದ ಬದಲಿಸಿದರೆ ಸಾಲದು. ನಿಮ್ಮ ಮೊದಲನೇ ಕಾಮೆಂಟಿನಲ್ಲಿ ನನಗೆ ಜಾಸ್ತಿ ಚುಚ್ಚಿದ್ದು ನಡುವಿನ ಸಾಲು. "ದಾವಣಗೆರೆಯಲ್ಲಿ ಯಾರೂ ಹಾಗೆ ಮಾಡಲ್ಲ." ನೀವು ಎಷ್ಟು ಮನೆಯ ಅಡುಗೆಮನೆ ನೋಡಿದ್ದೀರಿ? ಈಗ ತಾನೇ ಬರೆದಿರಿ, ಮನೆಯಲ್ಲಿ ಮಾಡಿದ್ದೇ ಕಮ್ಮಿ ಅಂತ! ಊರಿನ ಹೆಸರು ಹಿಡಿದು ಹೊಡೆದರೆ ಬೆಂಗಳೂರಿನವರಿಗೆ ಉತ್ತರವೇ ಇರುವುದಿಲ್ಲ. "ಓಕೆ ಮೇಡಂ" ಅನ್ನದೆ ಇನ್ನೇನು ಅಂದಾರು?

ಇನ್ನೊಂದು. ನಮ್ಮಲ್ಲಿ ತುಂಬ ಜನ "ವಿಡಿಯೊ ಸೂಪರ್, ಆದರೆ" ಅಂತ ಶುರು ಮಾಡುತ್ತಾರೆ. ಆ "ಆದರೆ" ಬಂದ ಕೂಡಲೇ ಸೂಪರ್ ಅಂದಿದ್ದು ಸುಮ್ನೆ ಅಂತ ಗೊತ್ತಾಗುತ್ತದೆ. ಹೊಗಳುವುದೇ ಬೇಡ. ಅವರ ಅಳತೆಯಲ್ಲಿ ಯಾವುದು ಕೆಲಸ ಮಾಡಿತು ಅಂತ ಹೇಳಿ, ಅದೇ ಸಾಕು. ಉದ್ದು ಅಕ್ಕಿ ಲೆಕ್ಕ ಬದಲಿಸಲಿಲ್ಲ ಅಂತ ಬರೆದರೆ ನೀವು ನಿಜವಾಗಿ ಮಾಡಿದ್ದೀರಿ ಅಂತ ಅವರಿಗೆ ಗೊತ್ತಾಗುತ್ತದೆ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: "ನಿಮ್ಮ ಅಳತೆಯಲ್ಲೇ ಮೂರು ಸಲ ಮಾಡಿದೆ. ಮೊದಲೆರಡು ಸಲ ನನಗೆ ಹಂಚಿಗೆ ಹಿಡಿಯಿತು. ಮೂರನೇ ಸಲ ಮಂಡಕ್ಕಿ ಮಾತ್ರ ಬೇರೆ, ಐದು ನಿಮಿಷ ನೆನೆಸಿ ಕೊನೆಗೆ ಹಾಕಿದೆ. ಚೆನ್ನಾಗಿ ಎದ್ದು ಬಂತು."

---

ನೇರ ಮಾತು, ಸೋಮವಾರ ಸಂಜೆ

ಇಷ್ಟು ಸುತ್ತಿ ಬಳಸಿ ಯಾಕೆ? ತಪ್ಪು ಅಂದ್ರೆ ತಪ್ಪು. ಹತ್ತು ಸಾವಿರ ಜನ ನೋಡೋ ವಿಡಿಯೊದಲ್ಲಿ ತಪ್ಪು ಹೇಳಿದ್ರೆ ನಯವಾಗಿ ಹೇಳ್ತಾ ಕೂರಬೇಕಾ? ನಾನೂ ಆ ವಿಡಿಯೊ ನೋಡಿದೆ. ಬಾಯಲ್ಲಿ ಅಡುಗೆ ಸೋಡಾ "ಒಂದು ಚಿಟಿಕೆ" ಅಂತಾರೆ. ಪರದೆ ಮೇಲೆ "1 ಟೇಬಲ್ ಸ್ಪೂನ್" ಅಂತ ಬರುತ್ತೆ. ಇದನ್ನೂ "ನಮ್ಮ ಮನೆಯಲ್ಲಿ ಒಂದು ಚಿಟಿಕೆ ಹಾಕಿದೆ, ಚೆನ್ನಾಗಿತ್ತು" ಅಂತ ಬರೀಬೇಕಾ?

ದುರ್ಗದ ಅಡುಗೆಮನೆ

ಇಲ್ಲ ಸರ್, ಅದನ್ನು ನೇರವಾಗಿಯೇ ಬರೆಯಿರಿ. ಅದು ಅನುಭವದ ವಿಷಯ ಅಲ್ಲ, ಬರೆದಿದ್ದು ತಪ್ಪಾಗಿದೆ. ಅಷ್ಟು ಸೋಡಾ ಹಾಕಿದರೆ ಹಿಟ್ಟು ಹಳದಿಯಾಗಿ ಸಾಬೂನಿನ ರುಚಿ ಬರುತ್ತದೆ, ಬಾಯಿಗೆ ಇಡಲು ಆಗುವುದಿಲ್ಲ. "3ನೇ ನಿಮಿಷದಲ್ಲಿ ಪರದೆ ಮೇಲೆ ಟೇಬಲ್ ಸ್ಪೂನ್ ಅಂತ ಬಂದಿದೆ, ನೀವು ಚಿಟಿಕೆ ಅಂದಿರಿ, ಒಮ್ಮೆ ನೋಡಿ" ಅಂತ ಬರೆದರೆ ಯಾರಿಗೂ ಬೇಜಾರಾಗುವುದಿಲ್ಲ. ನನಗೆ ಯಾರಾದರೂ ಹಾಗೆ ಹೇಳಿದರೆ ಉಸಿರು ಬಿಡುತ್ತೇನೆ.

ಮಂಡಕ್ಕಿ ವಿಷಯ ಅದಲ್ಲ. ಅವರು ಮಾಡಿ ತೋರಿಸಿದ್ದಾರೆ, ದೋಸೆ ಬಂದಿದೆ, ನಾವೇ ಕಣ್ಣಾರೆ ನೋಡಿದ್ದೇವೆ. ಬಂದ ದೋಸೆಯನ್ನು ತಪ್ಪು ಅನ್ನುವುದು ಹೇಗೆ?

ನೇರ ಮಾತು

ವಿಡಿಯೊದಲ್ಲಿ ಕಾಣೋ ದೋಸೆ ಎಷ್ಟನೇದೋ ಯಾರಿಗೆ ಗೊತ್ತು. ಮೊದಲ ನಾಲ್ಕು ಕಸದ ಬುಟ್ಟಿಗೆ ಹೋಗಿರಬಹುದು.

ದುರ್ಗದ ಅಡುಗೆಮನೆ

ಹೋಗಿರಬಹುದು. ನನ್ನವೂ ಹೋಗಿವೆ. 😄

---

ಅವಲಕ್ಕಿ ಅಭಿಮಾನಿ (ಹೊಳಲ್ಕೆರೆ), ಸೋಮವಾರ ರಾತ್ರಿ

ಮಂಡಕ್ಕಿ ತಲೆನೋವೇ ಬೇಡ. ಅದರ ಬದಲು 1 ಕಪ್ ಗಟ್ಟಿ ಅವಲಕ್ಕಿ ಹಾಕಿ. ಎರಡೂ ಒಂದೇ, ಅಕ್ಕಿಯನ್ನು ಮೊದಲೇ ಬೇಯಿಸಿದ ಹಾಗೆ. ದೋಸೆ ಮೆತ್ತಗೆ ಬರುತ್ತೆ. ಇನ್ನು ತೂತು ಬರೋದು ಸೋಡಾದಿಂದ ಮಾತ್ರ. ಮಂಡಕ್ಕಿಗೂ ಅದಕ್ಕೂ ಸಂಬಂಧ ಇಲ್ಲ.

---

ಹಳೇ ಭಟ್ಟ (ಹರಿಹರ), ಸೋಮವಾರ ರಾತ್ರಿ

ನಾನು ದಾವಣಗೆರೆಯಲ್ಲಿ 22 ವರ್ಷ ದೋಸೆ ಹಂಚಿನ ಮುಂದೆ ನಿಂತವನು. ಈಗ ಮನೆಯಲ್ಲಿದ್ದೇನೆ. ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ.

ಅವಲಕ್ಕಿ ಅಣ್ಣ ಹೇಳಿದ್ದು ಅರ್ಧ ಸರಿ. ಎರಡೂ ಬೆಂದ ಅಕ್ಕಿಯೇ. ಆದರೆ ಕಪ್ಪಿಗೆ ಕಪ್ ಅಂದರೆ ಕೆಟ್ಟಿತು. ಮಂಡಕ್ಕಿ ಗಾಳಿ. ಒಂದು ಕಪ್ ತೂಗಿದರೆ ಹದಿನೈದಿಪ್ಪತ್ತು ಗ್ರಾಂ ಇದ್ದರೆ ಹೆಚ್ಚು. ಗಟ್ಟಿ ಅವಲಕ್ಕಿ ಅದರ ನಾಲ್ಕೈದು ಪಟ್ಟು ತೂಗುತ್ತದೆ. ಒಂದು ಕಪ್ ಹಾಕಿದರೆ ಅದು ಬೆಣ್ಣೆ ದೋಸೆ ಅಲ್ಲ, ಸೆಟ್ ದೋಸೆ ಆಗುತ್ತದೆ. ಮೆತ್ತಗೆ ಬರುತ್ತದೆ ಅಂತ ಅವರೇ ಹೇಳಿದರಲ್ಲ.

ತೂತಿನ ಮಾತು ಒಪ್ಪುವುದಿಲ್ಲ. ಹುಳಿ ಬಂದ ಹಿಟ್ಟಿನಲ್ಲಿ ಗಾಳಿ ಇರುತ್ತದೆ. ಕಾದ ಹಂಚಿಗೆ ಬಿದ್ದರೆ ಅದೇ ತೂತು. ಹಿಟ್ಟು ಬೇಗ ಖರ್ಚಾಗಿ, ಹೊಸ ಹಿಟ್ಟಿಗೆ ಹುಳಿ ಬರಲು ಟೈಮ್ ಇಲ್ಲದಾಗ ಸೋಡಾ ಹಾಕುವವರು ಇದ್ದಾರೆ. ಸೋಡಾ ಇಲ್ಲದೆ ಬರುವುದೇ ಇಲ್ಲ ಅನ್ನುವುದು ಸುಳ್ಳು.

ಈಗ ಮುಖ್ಯ ವಿಷಯ. ತಂಗೀ, ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಮೂರನೇ ಸಲ ಮಂಡಕ್ಕಿ ಹಿಂಡಿ ಹಾಕಿದೆ ಅಂದೆ. ಹಿಂಡಿದರೆ ನೀರು ಹೋಯಿತು. ಮೊದಲ ಎರಡು ಸಲ ಎಷ್ಟು ನೀರು ಹಾಕಿ ರುಬ್ಬಿದೆ? ಮೂರನೇ ಸಲ ಎಷ್ಟು? ಅಳೆದಿದ್ದೀಯಾ? ನಡುವೆ ಅಂಟಿಕೊಳ್ಳುವುದು, ಬಣ್ಣ ಬರದೆ ಇರುವುದು, ಎರಡೂ ನೀರು ಜಾಸ್ತಿಯಾದ ಹಿಟ್ಟಿನ ಲಕ್ಷಣ. ನೀರು ಆವಿಯಾಗುವ ತನಕ ದೋಸೆ ಕೆಂಪಾಗುವುದಿಲ್ಲ. ನೀನು ಒಂದು ಬದಲಾವಣೆ ಮಾಡಿದೆ ಅಂದುಕೊಂಡಿದ್ದೀಯ, ಎರಡು ಮಾಡಿದ್ದೀಯ.

ಹಂಚಿನ ಮುಂದೆ

ಅಯ್ಯೋ. ನೀರು ಅಳೆದಿಲ್ಲ ಅಣ್ಣಾರೆ. ವಿಡಿಯೊದಲ್ಲಿ "ಬೇಕಾದಷ್ಟು ನೀರು" ಅಂತ ಇತ್ತು. ಮಿಕ್ಸಿ ತಿರುಗದಿದ್ದಾಗ ಸುರಿಯುತ್ತಾ ಹೋದೆ.

ಹೌದು, ಹಿಂಡಿದ್ದೂ ಒಂದು ಬದಲಾವಣೆಯೇ. ಅದು ಹೊಳೆದಿರಲೇ ಇಲ್ಲ. ಹಾಗಾದರೆ "ಮಂಡಕ್ಕಿ ನೆನೆಸಿದ್ದರಿಂದ" ಅಂತ ನಾನು ಬರೆದಿದ್ದು ಪೂರ್ತಿ ಸುಳ್ಳಾ?

ಹಳೇ ಭಟ್ಟ

ಸುಳ್ಳು ಅನ್ನಲು ನನಗೂ ಗೊತ್ತಿಲ್ಲ. ಮಾಡಿ ನೋಡು. ಅಕ್ಕಿ ಉದ್ದು ಒಂದೇ ಸಲ ರುಬ್ಬು. ಎರಡು ಪಾಲು ಮಾಡು. ಒಂದಕ್ಕೆ 5 ಗಂಟೆ ನೆನೆದ ಮಂಡಕ್ಕಿ, ಇನ್ನೊಂದಕ್ಕೆ 5 ನಿಮಿಷ ನೆನೆದ ಮಂಡಕ್ಕಿ. ಎರಡನ್ನೂ ಹಿಂಡಬೇಡ. ನೆನೆಸಿದ ನೀರನ್ನೇ ಹಾಕು, ಅಳೆದು. ಉಪ್ಪು ಬೆಳಿಗ್ಗೆ ಹಾಕು. ನಮ್ಮ ಭಟ್ಟಿ ಮಂಡಕ್ಕಿಯಲ್ಲಿ ಉಪ್ಪು ಇರುತ್ತದೆ, ಬಾಯಿಗೆ ಹಾಕಿಕೊಂಡರೆ ಗೊತ್ತಾಗುತ್ತದೆ. ಹಿಂಡಿದರೆ ಆ ಉಪ್ಪೂ ಹೋಗುತ್ತದೆ, ಹಿಂಡದಿದ್ದರೆ ಹಿಟ್ಟಿನಲ್ಲೇ ಇರುತ್ತದೆ. ರುಚಿ ನೋಡಿ ಹಾಕು.

ಸಿಂಗಾಪುರದಲ್ಲಿ ದಾವಣಗೆರೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೆ ಇಲ್ಲಿ ಸಿಗುವ ಬೆಣ್ಣೆ ಹಳದಿ, ಉಪ್ಪಿರುತ್ತದೆ. ದೋಸೆ ಮೇಲೆ ಹಾಕಿದರೆ ಕಪ್ಪು ಚುಕ್ಕೆ ಬರುತ್ತದೆ, ಸುಟ್ಟ ವಾಸನೆ. ಇದಕ್ಕೂ ಮಂಡಕ್ಕಿ ಕಾರಣವಾ?

ಹಳೇ ಭಟ್ಟ

ಅಲ್ಲಪ್ಪ. ಹಂಚು ಜಾಸ್ತಿ ಕಾದಿದೆ, ಬೆಣ್ಣೆಯಲ್ಲಿರುವ ಹಾಲಿನ ಅಂಶ ಸುಡುತ್ತಿದೆ. ಮೊದಲು ಹಂಚಿಗೆ ಬೆಣ್ಣೆ ಹಚ್ಚಬೇಡ. ಹಿಟ್ಟು ಹಾಕು, ಮೇಲೆ ತೂತು ಬಿದ್ದು ಹಸಿ ಹೋಗಲಿ, ಆಮೇಲೆ ದೋಸೆ ಮೇಲೆ ಬೆಣ್ಣೆ ಹಾಕಿ ಉರಿ ತಗ್ಗಿಸು. ಉಪ್ಪಿಲ್ಲದ ಬೆಣ್ಣೆ ಸಿಕ್ಕರೆ ತಗೋ. ಸಿಗದಿದ್ದರೆ ಹಿಟ್ಟಿಗೆ ಉಪ್ಪು ಕಮ್ಮಿ ಮಾಡು.

---

ಹಂಚಿನ ಮುಂದೆ, ಗುರುವಾರ ಬೆಳಿಗ್ಗೆ

ಮಾಡಿದೆ. ಬರೆಯುವುದು ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಬುಧವಾರ ಮಧ್ಯಾಹ್ನ 2 ಕಪ್ ಅಕ್ಕಿ, ಅರ್ಧ ಕಪ್ ಉದ್ದು, 1 ಚಮಚ ಮೆಂತ್ಯ ನೆನೆಸಿದೆ. ಅದೇ ಹೊತ್ತಿಗೆ ಒಂದು ಬಟ್ಟಲಲ್ಲಿ ಅರ್ಧ ಕಪ್ ಮಂಡಕ್ಕಿಗೆ ಕಾಲು ಕಪ್ ನೀರು ಹಾಕಿ ಮುಚ್ಚಿಟ್ಟೆ. ಸಂಜೆ ಅಕ್ಕಿ ಉದ್ದು ಬಸಿದು, ಒಂದೂಕಾಲು ಕಪ್ ನೀರಿನಲ್ಲಿ ರುಬ್ಬಿದೆ. ತಕ್ಕಡಿಯಲ್ಲಿ ತೂಗಿ ಎರಡು ಸಮಪಾಲು ಮಾಡಿದೆ. ಇಷ್ಟರಲ್ಲಿ ನಮ್ಮ ಯಜಮಾನರು ಬಂದು "ಇದೇನು ಲ್ಯಾಬಾ?" ಅಂದು ಹೋದರು.

ಇನ್ನೊಂದು ಬಟ್ಟಲಲ್ಲಿ ಅರ್ಧ ಕಪ್ ಮಂಡಕ್ಕಿ, ಕಾಲು ಕಪ್ ನೀರು, 5 ನಿಮಿಷ. ಆಮೇಲೆ ಎರಡು ಮಂಡಕ್ಕಿಯನ್ನೂ ಅದರದರ ನೀರಿನ ಜೊತೆ, ಎರಡೆರಡು ಸೌಟು ಹಿಟ್ಟು ಸೇರಿಸಿ, ಚಿಕ್ಕ ಜಾರಿನಲ್ಲಿ ಬೇರೆ ಬೇರೆ ರುಬ್ಬಿದೆ. ಎರಡು ಸ್ಟೀಲ್ ಡಬ್ಬಿಗೆ ಹಾಕಿ, 5 ಗಂಟೆಯದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದೆ. ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಅಡುಗೆಮನೆಯಲ್ಲೇ ಇಟ್ಟೆ.

ಬೆಳಿಗ್ಗೆ ಸೌಟಿನಿಂದ ಸುರಿದು ನೋಡಿದರೆ ಎರಡೂ ಹಿಟ್ಟು ಒಂದೇ ಹದ. ರಬ್ಬರ್ ಬ್ಯಾಂಡ್ ಡಬ್ಬಿ ಒಂದು ಬೆರಳು ಜಾಸ್ತಿ ಉಬ್ಬಿತ್ತು. ಎರಡರದ್ದೂ ಮೂರು ಮೂರು ದೋಸೆ ಹಾಕಿದೆ.

ಆರೂ ಎದ್ದು ಬಂದವು. ಒಂದೂ ಹಂಚಿಗೆ ಹಿಡಿಯಲಿಲ್ಲ!

ಅಲ್ಲಿಗೆ ನನ್ನ ದೊಡ್ಡ ಮಾತು ಮುಗಿಯಿತು. ಹಿಡಿಯುತ್ತಿದ್ದುದು ನೀರಿಗೆ, ನೆನೆಸಿದ್ದಕ್ಕಲ್ಲ. ತೂತು ಎರಡರಲ್ಲೂ ಇತ್ತು. ಸೋಡಾ ಹಾಕಿರಲಿಲ್ಲ ಅಂತಲೂ ಹೇಳಿಬಿಡುತ್ತೇನೆ. ಅಂಚು ಮಾತ್ರ 5 ನಿಮಿಷದ್ದು ಸ್ವಲ್ಪ ಜಾಸ್ತಿ ಗರಿ ಅನಿಸಿತು. ಅತ್ತೆಗೆ ಯಾವುದು ಯಾವುದು ಅಂತ ಹೇಳದೆ ಕೊಟ್ಟೆ. ಮೂರು ಸಲದಲ್ಲಿ ಎರಡು ಸಲ 5 ನಿಮಿಷದ್ದೇ ಚೆನ್ನಾಗಿದೆ ಅಂದರು, 5 ಗಂಟೆಯದು ಹುಳಿ ಮುಂದಾಗಿದೆ ಅಂದರು. ಮೂರರಲ್ಲಿ ಎರಡು ಅಂದರೆ ಅದೇನು ದೊಡ್ಡ ಸಾಕ್ಷಿ ಅಲ್ಲ, ಗೊತ್ತು.

ಆದರೆ ಒಂದು ವಿಷಯ ಕಣ್ಣಿಗೆ ಬಿತ್ತು. ಚಿಕ್ಕ ಜಾರಿನಲ್ಲಿ 5 ಗಂಟೆ ನೆನೆದ ಮಂಡಕ್ಕಿ ರುಬ್ಬುವಾಗ ಅದು ಗೋಂದಿನ ಹಾಗೆ ಜಾರಿನ ಗೋಡೆಗೆ ಹತ್ತಿಕೊಂಡಿತು. ಬ್ಲೇಡ್ ಸುಮ್ನೆ ತಿರುಗುತ್ತಿತ್ತು. ಮೂರು ಸಲ ನಿಲ್ಲಿಸಿ ಚಮಚದಿಂದ ಕೆಳಗೆ ತಳ್ಳಬೇಕಾಯಿತು. ಕೈ ತಾನಾಗೇ ನೀರಿನ ಲೋಟಕ್ಕೆ ಹೋಗಿತ್ತು, ಅಳತೆ ನೆನಪಾಗಿ ಎಳೆದುಕೊಂಡೆ. 5 ನಿಮಿಷದ್ದು ಒಂದೇ ಸುತ್ತಿಗೆ ನುಣ್ಣಗಾಯಿತು.

ಹಳೇ ಭಟ್ಟ

ಸಿಕ್ಕಿತಲ್ಲ ಕಳ್ಳ. ನೆನೆದ ಮಂಡಕ್ಕಿ ಮಿಕ್ಸಿಗೆ ಅಂಟುತ್ತದೆ, ತಿರುಗಲಿ ಅಂತ ನೀರು ಹಾಕುತ್ತೀಯ, ಹಿಟ್ಟು ತೆಳ್ಳಗಾಗುತ್ತದೆ, ದೋಸೆ ಹಂಚಿಗೆ ಹಿಡಿಯುತ್ತದೆ. ಕಲ್ಲಿನ ಗ್ರೈಂಡರಿನಲ್ಲಿ ಈ ತೊಂದರೆ ಇಲ್ಲ. ಕಲ್ಲು ಎಳೆದುಕೊಳ್ಳುತ್ತದೆ. ನಾವು ಹೋಟೆಲಿನಲ್ಲಿ ಅಕ್ಕಿ ಜೊತೆಗೂ ಸುರಿದಿದ್ದೇವೆ, ಕೊನೆಗೂ ಸುರಿದಿದ್ದೇವೆ, ಯಾರೂ ಗಮನಿಸಲಿಲ್ಲ. ಆ ವಿಡಿಯೊ ಹೆಣ್ಣುಮಗಳು ಯಾವುದರಲ್ಲಿ ರುಬ್ಬಿದಳು?

ಹಂಚಿನ ಮುಂದೆ

ಈಗ ಮತ್ತೆ ತೆರೆದು ನೋಡಿದೆ. ರುಬ್ಬುವುದನ್ನು ತೋರಿಸಿಲ್ಲ, ನೇರ ಹಿಟ್ಟಿನ ಪಾತ್ರೆ ಬರುತ್ತದೆ. ಆದರೆ ಹಿಂದೆ ಕಟ್ಟೆ ಮೇಲೆ ಗ್ರೈಂಡರ್ ಕಾಣುತ್ತಿದೆ! ಮೂರು ಸಲ ನೋಡಿದ ವಿಡಿಯೊ, ಕಣ್ಣಿಗೆ ಬಿದ್ದೇ ಇರಲಿಲ್ಲ.

ಅಂದರೆ ಅವರ ಅಡುಗೆಮನೆಯಲ್ಲಿ ಅವರು ಮಾಡಿದ್ದು ಸರಿ, ನನ್ನದರಲ್ಲಿ ನಾನು ಮಾಡಿದ್ದು ಸರಿ. ನಾನು "ಬಾರದು" ಅಂದುಬಿಟ್ಟಿದ್ದೆನಲ್ಲ, ನಾಚಿಕೆಯಾಗುತ್ತಿದೆ.

ನೇರ ಮಾತು

ಸರಿ, ಮಂಡಕ್ಕಿ ವಿಷಯದಲ್ಲಿ ನನ್ನ ಮಾತು ವಾಪಸ್. "ತಪ್ಪು" ಅಂತ ಬರೆದಿದ್ರೆ ನಾವೇ ತಪ್ಪಾಗ್ತಿದ್ವಿ. ಸೋಡಾ ವಿಷಯ ಮಾತ್ರ ನಾನೇ ನೇರವಾಗಿ ಬರೆದು ಬಂದೆ.

ಅವಲಕ್ಕಿ ಅಭಿಮಾನಿ

ಚಳಿಗಾಲದಲ್ಲಿ ಸೋಡಾ ಇಲ್ಲದೆ ತೂತು ಬರಿಸಿ ತೋರಿಸಿ, ಆಮೇಲೆ ಮಾತಾಡೋಣ. ಈಗ ಬಿಸಿಲು, ಹಿಟ್ಟು ತಾನೇ ಉಬ್ಬುತ್ತೆ.

ಹಳೇ ಭಟ್ಟ

ಚಳಿಯಲ್ಲಿ ಹಿಂದಿನ ದಿನದ ಹುಳಿ ಹಿಟ್ಟು ಒಂದು ಸೌಟು ಕಲಸು, ಒಲೆ ಪಕ್ಕ ಇಡು. ನೀನು ಒಪ್ಪುವುದಿಲ್ಲ ಬಿಡು.

---

ಹಂಚಿನ ಮುಂದೆ, ಗುರುವಾರ ಮಧ್ಯಾಹ್ನ

ಹೀಗೆ ಬರೆದಿದ್ದೇನೆ, ಹಾಕುವ ಮುಂಚೆ ನೋಡಿ ಹೇಳಿ.

"ಮೇಡಂ, ನಿಮ್ಮ ಅಳತೆಯಲ್ಲೇ ನಾಲ್ಕು ಸಲ ಮಾಡಿದೆ, ಅಕ್ಕಿ ಉದ್ದು ಏನೂ ಬದಲಿಸಲಿಲ್ಲ. ನನ್ನ ಹತ್ತಿರ ಗ್ರೈಂಡರ್ ಇಲ್ಲ, ಮಿಕ್ಸಿ. ಮಂಡಕ್ಕಿ ಅಕ್ಕಿ ಜೊತೆ ನೆನೆಸಿದಾಗ ಜಾರಿನಲ್ಲಿ ಅಂಟಿಕೊಂಡಿತು. ನಾನು ನೀರು ಜಾಸ್ತಿ ಹಾಕಿಬಿಟ್ಟೆ, ದೋಸೆ ಹಂಚಿಗೆ ಹಿಡಿಯಿತು. ಆಮೇಲೆ ಮಂಡಕ್ಕಿಯನ್ನು ರುಬ್ಬುವ 5 ನಿಮಿಷ ಮುಂಚೆ ಬೇರೆ ನೆನೆಸಿ, ಕೊನೆಯ ಸುತ್ತಿನಲ್ಲಿ ಹಾಕಿದೆ. ನೆನೆಸಿದ ನೀರೂ ಸೇರಿ ಒಟ್ಟು ಒಂದೂಮುಕ್ಕಾಲು ಕಪ್ ನೀರು ಹಿಡಿಯಿತು. ಚೆನ್ನಾಗಿ ಎದ್ದು ಬಂತು. ನೀವು ಗ್ರೈಂಡರಿನಲ್ಲಿ ರುಬ್ಬಿದ್ದಾ? ಮಿಕ್ಸಿಯಲ್ಲಿ ಬೇರೆ ಯಾರಾದರೂ ಮಾಡಿದ್ದರೆ ಹೇಗೆ ಬಂತು ಹೇಳಿ."

ದಾವಣಗೆರೆ ಅನ್ನುವ ಪದ ಹಾಕಿಲ್ಲ.

ದುರ್ಗದ ಅಡುಗೆಮನೆ

"ನೀರು ಜಾಸ್ತಿ ಹಾಕಿಬಿಟ್ಟೆ" ಅಂತ ನಿಮ್ಮ ಕೈತಪ್ಪು ಒಪ್ಪಿಕೊಂಡಿದ್ದು ಒಳ್ಳೇದಾಯಿತು. ಅಂಟುತ್ತೆ ಅಂತ ಕೇಳಿದ ಆ ಏಳೆಂಟು ಜನರಿಗೆ ಬೇಕಾಗಿದ್ದು ಆ ಸಾಲು. ಅವರೂ ಅದನ್ನೇ ಮಾಡಿರುತ್ತಾರೆ.

ಒಂದೇ ಸಲಹೆ. "ನೀವು ಗ್ರೈಂಡರಿನಲ್ಲಿ ರುಬ್ಬಿದ್ದಾ?" ಅನ್ನುವುದು ವಿಚಾರಣೆ ಮಾಡಿದ ಹಾಗಿದೆ. "ಹಿಂದೆ ಗ್ರೈಂಡರ್ ಕಂಡಿತು, ಅದರಲ್ಲೇ ರುಬ್ಬಿದಿರೇನೋ" ಅನ್ನಿ.

ಊರಿನ ಹೆಸರು ಮಾತ್ರ ಹಾಕಿ. ಬಿಸಿಲಿನ ಊರು, ಹುಳಿ ಬರಲು ರಾತ್ರಿ ಒಂಬತ್ತು ಗಂಟೆ ಕಾಲ ಬಿಟ್ಟಿದ್ದು ಸಾಕಾಯಿತು ಅಂತ. ಮಡಿಕೇರಿಯವರು ಓದಿದರೆ ಲೆಕ್ಕ ಬದಲಿಸಿಕೊಳ್ಳುತ್ತಾರೆ. ಊರಿನ ಹೆಸರು ಹೆಮ್ಮೆಗೆ ಬಂದರೆ ಮಾತ್ರ ತೊಂದರೆ, ಹವೆ ಹೇಳಲು ಬಂದರೆ ಉಪಯೋಗಕ್ಕೆ ಬರುತ್ತದೆ.

ಹಳೇ ಭಟ್ಟ

ಅತ್ತೆಗೆ ಹುಳಿ ಅನಿಸಿದ್ದು ಯಾಕೆ ಬರೆಯಲಿಲ್ಲ?

ಹಂಚಿನ ಮುಂದೆ

ಮೂರರಲ್ಲಿ ಎರಡು ಸಲ ಅಷ್ಟೇ ಅಲ್ವಾ ಅಣ್ಣಾರೆ. ಇನ್ನೊಮ್ಮೆ ಮಾಡಿ ನೋಡುವ ತನಕ ಬೇಡ ಅಂತ ಬಿಟ್ಟೆ.

ಹಳೇ ಭಟ್ಟ

ಸರಿ. ಬೆಂದ ಅಕ್ಕಿ ಬಿಸಿಲಿನಲ್ಲಿ 5 ಗಂಟೆ ನೀರಿನಲ್ಲಿ ಕೂತರೆ ಹುಳಿ ಹಿಡಿಯುತ್ತದೆ, ನನಗೆ ಅನುಮಾನ ಇಲ್ಲ. ಆದರೆ ಹಾಕಬೇಡ ಅಂದರೆ ಬೇಡ.

---

ಹಂಚಿನ ಮುಂದೆ, ಶನಿವಾರ

ಮೇಡಂ ಉತ್ತರ ಬರೆದಿದ್ದಾರೆ! "ಹೌದು, ಗ್ರೈಂಡರ್. ಹೇಳೋದು ಮರೆತೇಹೋಯ್ತು. ಮಿಕ್ಸಿಯವರಿಗೆ ಇದು ಮೇಲೆ ಕಾಣಲಿ ಅಂತ ಪಿನ್ ಮಾಡಿದ್ದೇನೆ" ಅಂತ. ಸೋಡಾ ಅಳತೆಯನ್ನೂ ಕೆಳಗೆ ತಿದ್ದಿ ಬರೆದಿದ್ದಾರೆ. ಕೆಳಗೆ ಇಬ್ಬರು ಮಿಕ್ಸಿಯವರು ಬರೆದರು. ಒಬ್ಬರಿಗೆ ಸರಿ ಬಂತಂತೆ. ಇನ್ನೊಬ್ಬರಿಗೆ ಕೊನೆಗೆ ಹಾಕಿದರೂ ಅಂಟಿತಂತೆ. ಅವರದ್ದು ಹೊಸ ಹಂಚು, ಇನ್ನೂ ಪಳಗಿಲ್ಲ ಅಂತ ಅವರೇ ಹೇಳುತ್ತಿದ್ದಾರೆ. ಅದು ನನಗೆ ಗೊತ್ತಿಲ್ಲದ ವಿಷಯ, ಭಟ್ಟರೇ ಉತ್ತರ ಹೇಳಬೇಕು.

ಇನ್ನೊಂದು ತಮಾಷೆ ಆಯಿತು. ಮೇಡಂ "ನಿಮ್ಮ ಕಪ್ ಎಷ್ಟು ಎಂ.ಎಲ್.?" ಅಂತ ಕೇಳಿದರು. ನನ್ನ "ಕಪ್" ಅಂದರೆ ಅತ್ತೆಯ ಹಳೇ ಸ್ಟೀಲ್ ಲೋಟ. ಔಷಧಿ ಮುಚ್ಚಳದಲ್ಲಿ ಅಳೆದು ಅಳೆದು ನೋಡಿದರೆ 180 ಇದೆ. ಅವರದ್ದು 240ರ ಅಳತೆ ಕಪ್ ಅಂತೆ. ಒಂದೂಮುಕ್ಕಾಲು ಕಪ್ ನೀರು ಅಂದಿದ್ದೆನಲ್ಲ, ಅವರ ಕಪ್ಪಿನಲ್ಲಿ ಅಕ್ಕಿ ಅಳೆದು ನನ್ನ ಲೋಟದಲ್ಲಿ ನೀರು ಹಾಕಿದವರ ಗತಿ ಏನು? ಈಗ ಹೋಗಿ ಅದನ್ನೂ ಸೇರಿಸಿ ಬಂದೆ.

ಗಾಂಧಿ ಸರ್ಕಲ್ ಗಿರಾಕಿ

ಅಕ್ಕ, ಮಿಕ್ಕ ಮಂಡಕ್ಕಿ ಏನ್ ಮಾಡಿದ್ರಿ?

ಹಂಚಿನ ಮುಂದೆ

ಒಗ್ಗರಣೆ ಹಾಕಿದೆ ಅಣ್ಣ. ತಕ್ಷಣ ಎತ್ತಿದೆ, ನೀವು ಹೇಳಿದ ಹಾಗೆ.